ಮಗು ನೋಡಿಕೊಳ್ಳಲು ಮನೆಗೆ ಒಬ್ಬರನ್ನು ಗೊತ್ತು ಮಾಡುವುದು: ಹುಡುಕಾಟದಿಂದ ಮೊದಲ ತಿಂಗಳವರೆಗೆ

ಹೆರಿಗೆ ರಜೆ ಮುಗಿಯಲು ಮೂರು ವಾರ ಇದೆ ಅನ್ನುವಾಗ ನಾವು ಜನ ಹುಡುಕಲು ಹೊರಟೆವು. ಬೆಂಗಳೂರಿನಲ್ಲಿ ಅಷ್ಟು ಸಮಯ ಧಾರಾಳ ಅಂದುಕೊಂಡಿದ್ದೆವು. ಏಜೆನ್ಸಿಯೊಂದು ಕಳಿಸಿದ ಹೆಂಗಸು ಒಂಬತ್ತನೇ ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನು ಸಂಬಳವಿಲ್ಲದ ರಜೆ ಹಾಕಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಎರಡನೇ ಸಲ ಬಂದ ಅಕ್ಕ ಈಗ ಎರಡು ವರ್ಷದಿಂದ ನಮ್ಮ ಜೊತೆ ಇದ್ದಾರೆ.

ಎರಡನೇ ಸಲ ನಾನು ಕೇಳಿದ ಪ್ರಶ್ನೆಗಳೇ ಬೇರೆ, ಮಾತು ಮುಗಿಸಿಕೊಂಡ ರೀತಿಯೇ ಬೇರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಆರು ತಿಂಗಳು ದಾಟಿದ ಮಗು, ಹಗಲು ಹೊತ್ತು ಬಂದು ಸಂಜೆ ಮನೆಗೆ ಹೋಗುವವರು, ಇಷ್ಟಕ್ಕೆ ಮಾತ್ರ ಸಂಬಂಧಿಸಿದ್ದು ಇದು. ರಾತ್ರಿಯೂ ಮನೆಯಲ್ಲೇ ಇರುವವರ ವಿಷಯದಲ್ಲಿ ಲೆಕ್ಕಾಚಾರ ತುಂಬ ಬೇರೆ.

ಇಡೀ ಹುಡುಕಾಟದಲ್ಲಿ ನನಗೆ ಕೊನೆಗೆ ಮುಖ್ಯ ಅನಿಸಿದ್ದು ಒಂದೇ ವಿಷಯ. ಮಗುವಿಗೆ ಏನಾದರೂ ಆದರೆ ಇವರು ನನಗೆ ತಕ್ಷಣ ಹೇಳುತ್ತಾರಾ? ಅನುಭವ, ನಂಬಿಕೆ, ಕರಾರು ಎಲ್ಲವನ್ನೂ ಆ ಕಡೆಯಿಂದಲೇ ನೋಡಿ ಅಂತ ನನ್ನ ಸಲಹೆ.

ಮೊದಲು ನಿಮ್ಮ ದಿನವನ್ನು ಬರೆದುಕೊಳ್ಳಿ

ಮೊದಲ ಸಲ ನಾವು ಏಜೆನ್ಸಿಗೆ ಹೇಳಿದ್ದು ಒಂದೇ ಸಾಲು: "ಮಗು ನೋಡ್ಕೊಳ್ಳೋಕೆ ಒಬ್ಬರು ಬೇಕು." ಬಂದವರು ಅದನ್ನೇ ನಂಬಿ ಬಂದರು. ಮೂರನೇ ದಿನ ನಾನು, "ಮಗು ಮಲಗಿದಾಗ ನಾಲ್ಕು ಪಾತ್ರೆ ತೊಳೆದುಬಿಡಿ" ಅಂದೆ. ಆರನೇ ದಿನ ನಮ್ಮ ಅತ್ತೆ, ಮನೆಯವರೆಲ್ಲರ ಬಟ್ಟೆಯನ್ನೂ ಒಣಹಾಕಲು ಹೇಳಿದರು. ಎಂಟನೇ ದಿನ ನಾನು ಆಫೀಸಿನಿಂದ ಒಂದೂವರೆ ಗಂಟೆ ತಡವಾಗಿ ಬಂದೆ. ಒಂಬತ್ತನೇ ದಿನ ಅವರು ಬರಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಒಂದು ಹಾಳೆ ತೆಗೆದುಕೊಂಡು ಮಗುವಿನ ದಿನವನ್ನು ಗಂಟೆ ಪ್ರಕಾರ ಬರೆಯಿರಿ. ರಾಗಿ ಸರಿ ಎಷ್ಟು ಹೊತ್ತಿಗೆ, ಸ್ನಾನ ಯಾರು ಮಾಡಿಸುತ್ತಾರೆ, ಎರಡು ನಿದ್ದೆ ಯಾವಾಗ, ಸಂಜೆ ಪಾರ್ಕಿಗೆ ಹೋಗುವುದಿದೆಯಾ. ಅದರ ಕೆಳಗೆ ಒಂದು ಗೆರೆ ಎಳೆಯಿರಿ. ಮಗುವಿನ ಬಟ್ಟೆ, ಬಾಟಲಿ, ಮಗುವಿನ ಅಡುಗೆ, ಮಗು ಆಡಿದ ಜಾಗ ಗೆರೆಯ ಮೇಲೆ ಬರಲಿ. ಮನೆಯವರ ಪಾತ್ರೆ, ಕಸ, ಬಟ್ಟೆ, ಅಡುಗೆ ಗೆರೆಯ ಕೆಳಗೆ. ಕೆಳಗಿನದ್ದರಲ್ಲಿ ಯಾವುದಾದರೂ ಬೇಕೇ ಬೇಕು ಅಂದರೆ ಮೊದಲ ಮಾತಿನಲ್ಲೇ ಹೇಳಿ, ಅದಕ್ಕೆ ಬೇರೆ ದುಡ್ಡು ಕೊಡಿ. ಆಮೇಲೆ ನಿಧಾನಕ್ಕೆ ಸೇರಿಸುತ್ತಾ ಹೋಗಬೇಡಿ. ಒಲೆಯ ಮುಂದೆ ನಿಂತವರು ತೆವಳುವ ಮಗುವಿನ ಮೇಲೆ ಕಣ್ಣಿಡಲು ಆಗುವುದಿಲ್ಲ ಅನ್ನುವುದೂ ನೆನಪಿರಲಿ.

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಇನ್ನೊಂದು ಮಾತು ಮೊದಲೇ ಮುಗಿಸಿಕೊಳ್ಳಿ. ಹೇಳುವವರು ಯಾರು? ಸಾಂಬ್ರಾಣಿ ಹೊಗೆ ಕೊಡಬೇಕಾ ಬೇಡವಾ, ಬಜೆ ತೇಯ್ದು ನೆಕ್ಕಿಸಬೇಕಾ ಬೇಡವಾ, ಜೇನುತುಪ್ಪ ತಾಗಿಸಬೇಕಾ ಬೇಡವಾ ಅನ್ನುವ ಚರ್ಚೆ ನಿಮ್ಮೊಳಗೆ ನಡೆಯಲಿ, ಬಂದವರ ತಲೆಯ ಮೇಲೆ ಬೇಡ. (ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಕೊಡಲೇಬಾರದು. ಅದರಿಂದ ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು.) ನಮ್ಮ ಮನೆಯಲ್ಲಿ ಊಟ, ಔಷಧಿ, ನಿದ್ದೆ ಮೂರಕ್ಕೂ ನನ್ನ ಮಾತೇ ಕೊನೆ ಅಂತ ಅತ್ತೆಯ ಎದುರೇ ಒಪ್ಪಿಕೊಂಡೆವು. ಸ್ವಲ್ಪ ಮುಜುಗರ ಆಯಿತು, ಆದರೆ ಆಮೇಲೆ ಜಗಳ ಆಗಲಿಲ್ಲ.

ಎಲ್ಲಿ ಹುಡುಕುವುದು, ಯಾವಾಗ

ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ಹೆರಿಗೆ ರಜೆ 26 ವಾರ. ಅದರಲ್ಲಿ ಒಂದಷ್ಟು ಹೆರಿಗೆಗೆ ಮುಂಚೆಯೇ ಹೋಗಿರುತ್ತದೆ. ಹಾಗಾಗಿ ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಆಫೀಸು ಕರೆಯಬಹುದು. ಕೆಲಸಕ್ಕೆ ಮರಳುವ ದಿನದಿಂದ ಎಂಟು ವಾರ ಹಿಂದಕ್ಕೆ ಎಣಿಸಿ, ಅವತ್ತು ಹುಡುಕಾಟ ಶುರು ಮಾಡಿ. ನಾಲ್ಕು ವಾರ ಹುಡುಕಲು, ಒಂದು ವಾರ ವಿಚಾರಿಸಲು, ಎರಡು ವಾರ ನೀವು ಮನೆಯಲ್ಲಿರುವಾಗಲೇ ಅಭ್ಯಾಸಕ್ಕೆ. ಉಳಿದ ಒಂದು ವಾರ ಯಾವುದೋ ಒಂದು ತಪ್ಪಿದರೆ ಅಂತ. ಮಗು ಎಂಟು ಹತ್ತು ತಿಂಗಳಾಗುವ ಹೊತ್ತಿಗೆ ಹೊಸಬರನ್ನು ಕಂಡರೆ ಅಳುವುದು ಜಾಸ್ತಿಯಾಗುತ್ತದೆ. ಅದಕ್ಕೂ ಮುಂಚೆ ಮುಖ ಪರಿಚಯ ಆದರೆ ಇಬ್ಬರಿಗೂ ಸುಲಭ.

ಏಜೆನ್ಸಿಯಾದರೆ ಬೇಗ ಜನ ಸಿಗುತ್ತಾರೆ, ಬಿಟ್ಟುಹೋದರೆ ಬದಲಿ ಕಳಿಸುತ್ತಾರೆ. ಆದರೆ ಕಟ್ಟುವ ಮೊದಲು ಮೂರು ವಿಷಯ ಬರಹದಲ್ಲಿ ಕೇಳಿ. ಬದಲಿ ಎಷ್ಟು ದಿನದಲ್ಲಿ, ಎಷ್ಟು ಸಲ? ಬದಲಿ ಸಿಗದಿದ್ದರೆ ದುಡ್ಡು ವಾಪಸ್ ಎಷ್ಟು? ನಾವು ಕೊಡುವ ಸಂಬಳದಲ್ಲಿ ಅವರ ಕೈಗೆ ಎಷ್ಟು ಹೋಗುತ್ತದೆ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಅಲ್ಲೇ ನಿಲ್ಲಿಸಿ. ಕೈಗೆ ಕಡಿಮೆ ಸಿಗುವವರು ಇನ್ನೂ ಎರಡು ಸಾವಿರ ಜಾಸ್ತಿ ಕೊಡುವ ಮನೆ ಸಿಕ್ಕರೆ ಹೋಗೇ ಹೋಗುತ್ತಾರೆ. "ಎಲ್ಲಾ ವೆರಿಫೈ ಆಗಿದೆ ಮೇಡಂ" ಅಂದರೆ ಆ ಕಾಗದದ ಪ್ರತಿ ಕೇಳಿ, ತಾರೀಕು ನೋಡಿ.

ನಮ್ಮ ಅಕ್ಕ ಸಿಕ್ಕಿದ್ದು ಪಕ್ಕದ ಬೀದಿಯ ಮನೆಯಿಂದ. ಅಲ್ಲಿನ ಮಗು ಶಾಲೆಗೆ ಸೇರುವುದಿತ್ತು. ಮೂರು ವರ್ಷದ ಮಕ್ಕಳಿರುವ ಮನೆಗಳಲ್ಲಿ ಮೇ ತಿಂಗಳಲ್ಲಿ ವಿಚಾರಿಸಿ. ಜೂನ್‌ನಲ್ಲಿ ಶಾಲೆ ಶುರುವಾದರೆ ಅಲ್ಲಿ ಕೆಲಸ ಮಾಡುತ್ತಿದ್ದವರು ಬೇರೆ ಮನೆ ನೋಡುತ್ತಿರುತ್ತಾರೆ. ಹೀಗೆ ಸಿಕ್ಕಿದವರ ಕೆಲಸವನ್ನು ಕಣ್ಣಾರೆ ನೋಡಿದವರು ಹತ್ತಿರದಲ್ಲೇ ಇರುತ್ತಾರೆ. ಇನ್ನು, 18 ತುಂಬದ ಹುಡುಗಿಯರನ್ನು ಯಾರು ಎಷ್ಟೇ ಹೇಳಿದರೂ ಇಟ್ಟುಕೊಳ್ಳಬೇಡಿ. 14ರ ಕೆಳಗಿನವರಾದರೆ ಅದು ಅಪರಾಧ. ಹದಿನಾರರ ಹುಡುಗಿಯೂ ಓದಬೇಕಾದ ಮಗುವೇ ಅಲ್ವಾ.

ಕೂತು ಮಾತಾಡುವಾಗ

"ಮಗುವನ್ನು ಚೆನ್ನಾಗಿ ನೋಡ್ಕೊಳ್ತೀರಾ?" ಅಂದರೆ ಯಾರು ಇಲ್ಲ ಅನ್ನುತ್ತಾರೆ? ಹೌದು ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳಬೇಡಿ. ನಡೆದದ್ದನ್ನು ಹೇಳಿಸಿ. ಒಂದು ಗಂಟೆ ಇಟ್ಟುಕೊಳ್ಳಿ, ಕಾಫಿ ಕೊಡಿ, ಮಗು ಪಕ್ಕದಲ್ಲೇ ಇರಲಿ.

ನಾನು ಶುರು ಮಾಡಿದ್ದು ಹೀಗೆ: "ಆ ಮನೆಯಲ್ಲಿ ಬೆಳಿಗ್ಗೆ ನೀವು ಹೋದಾಗ ಪಾಪು ಏನು ಮಾಡ್ತಾ ಇರ್ತಿತ್ತು? ಅಲ್ಲಿಂದ ಸಂಜೆ ತನಕ ಹೇಳಿ." ನಿಜವಾಗಿ ಮಗು ನೋಡಿಕೊಂಡವರು ಸಣ್ಣ ಸಣ್ಣದ್ದನ್ನು ಹೇಳುತ್ತಾರೆ. ಅಕ್ಕ ಹೇಳಿದ್ದು: "ಅವನು ಅನ್ನ ತಿನ್ನಬೇಕಂದ್ರೆ ಬಾಲ್ಕನೀಲಿ ಪಾರಿವಾಳ ತೋರಿಸ್ಬೇಕಿತ್ತು. ಎಡಗಡೆ ಮಗ್ಗುಲಿಗೆ ತಟ್ಟಿದ್ರೇನೇ ನಿದ್ದೆ." ಅದೇ ವಾರ ಬಂದಿದ್ದ ಇನ್ನೊಬ್ಬರು ಆರು ವರ್ಷ ಅನುಭವ ಅಂದರು. ಕೊನೆಯ ಮಗುವಿಗೆ ಏನು ಇಷ್ಟ ಅಂದಿದ್ದಕ್ಕೆ, "ಎಲ್ಲಾ ತಿಂತಿತ್ತು, ಎಲ್ಲಾ ಚೆನ್ನಾಗಿತ್ತು" ಅಂದರು. ಅವರು ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಎರಡನೆಯದು: "ಅರ್ಧ ಗಂಟೆಯಿಂದ ಅಳ್ತಾ ಇದೆ, ಹಾಲು ಬೇಡ ಅಂತಿದೆ. ಏನ್ ಮಾಡ್ತೀರಿ?" ಡೈಪರ್ ನೋಡ್ತೀನಿ, ಇರುವೆ ಕಚ್ಚಿದೆಯಾ ಅಂತ ಬಟ್ಟೆ ಬಿಚ್ಚಿ ನೋಡ್ತೀನಿ, ಮೈ ಬಿಸಿ ಇದೆಯಾ ಮುಟ್ಟಿ ನೋಡ್ತೀನಿ, ಹೆಗಲ ಮೇಲೆ ಹಾಕಿ ತೇಗಿಸ್ತೀನಿ, ಆಗಲೂ ನಿಲ್ಲದಿದ್ದರೆ ನಿಮಗೆ ಫೋನ್ ಮಾಡ್ತೀನಿ. ಹೀಗೆ ಒಂದರ ಹಿಂದೆ ಒಂದು ಬರಬೇಕು. "ನನ್ನ ಕೈಲಿ ಯಾವ ಮಗೂ ಅಳಲ್ಲ" ಅನ್ನುವ ಉತ್ತರ ನನಗೆ ಭಯ ಹುಟ್ಟಿಸುತ್ತದೆ. ಅತ್ತರೆ ಅದು ತಮ್ಮ ಸೋಲು ಅಂದುಕೊಳ್ಳುವವರು ಅಳುವನ್ನು ಮುಚ್ಚಿಡುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. "ನಿಮ್ಮ ಹತ್ತಿರ ಇದ್ದಾಗ ಮಗುಗೆ ಪೆಟ್ಟಾಗಿದ್ದು ನೆನಪಿದೆಯಾ? ಆಗ ಮನೆಯವರಿಗೆ ಹೇಗೆ ಹೇಳಿದ್ರಿ?" ವರ್ಷಗಟ್ಟಲೆ ಮಕ್ಕಳನ್ನು ನೋಡಿಕೊಂಡವರ ಕೈಯಲ್ಲಿ ಒಮ್ಮೆಯೂ ಮಗು ಬಿದ್ದಿಲ್ಲ ಅಂದರೆ ನಂಬುವುದು ಕಷ್ಟ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲ ಸಂದಿಗೆ ಮಗುವಿನ ಬೆರಳು ಸಿಕ್ಕಿದ್ದನ್ನು ಹೇಳಿದರು. ಆ ಮನೆಯವರು ಕೂಗಾಡಿದ್ದರಂತೆ. "ಆದ್ರೂ ಹೇಳ್ಬೇಕಲ್ಲ ಮೇಡಂ, ಉಗುರು ಕಪ್ಪಾಗಿತ್ತು" ಅಂದರು. ಆಗಲೇ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೆ.

ಅವರ ಮನೆಯ ವಿಷಯವನ್ನೂ ಕೇಳಿ, ಯೋಜನೆ ಮಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ಬರಲು ಎಷ್ಟು ಬಸ್ಸು, ಅವರ ಮಕ್ಕಳಿಗೆ ಜ್ವರ ಬಂದರೆ ನೋಡುವವರು ಯಾರು, ಊರ ಜಾತ್ರೆ ಯಾವ ತಿಂಗಳು. ಜಾತಿ ಕೇಳಬೇಡಿ. ಮಗುವನ್ನು ಎತ್ತಿಕೊಳ್ಳುವ ಕೈಗೂ ಅದಕ್ಕೂ ಏನು ಸಂಬಂಧ?

ಕೊನೆಗೆ, "ನೀವೇನು ಕೇಳ್ಬೇಕು?" ಅಂತ ಹೇಳಿ ಕಾಯಿರಿ. ಅಕ್ಕ ಮೂರು ಕೇಳಿದರು. ನನ್ನ ಊಟ ಎಷ್ಟು ಹೊತ್ತಿಗೆ, ಆಗ ಪಾಪು ಯಾರ ಹತ್ತಿರ? ಯಾವ ಬಾತ್‌ರೂಮ್ ಬಳಸಬೇಕು? ಅಜ್ಜಿ ಒಂದು ಹೇಳಿ ನೀವೊಂದು ಹೇಳಿದರೆ ಯಾರ ಮಾತು ಕೇಳಲಿ? ಈ ಮೂರಕ್ಕೂ ಉತ್ತರ ನಿಮ್ಮಲ್ಲಿ ರೆಡಿ ಇರಲಿ. ನಮ್ಮ ಊಟದ್ದೇ ತಟ್ಟೆ, ನಮ್ಮದೇ ಬಾತ್‌ರೂಮ್ ಅಂತ ಹೇಳಿದೆ. ದಿನಕ್ಕೆ ಹತ್ತು ಗಂಟೆ ನಮ್ಮ ಮಗುವಿನ ಬಾಯಿಗೆ ತುತ್ತು ಇಡುವವರಿಗೆ ಬೇರೆ ಲೋಟ ಇಡುವುದನ್ನು ನನ್ನಿಂದ ಒಪ್ಪಿಕೊಳ್ಳಲು ಆಗುವುದಿಲ್ಲ.

ವಿಚಾರಿಸುವುದು

ಹಿಂದಿನ ಮನೆಗೆ ಫೋನ್ ಮಾಡಿ, ಆದರೆ "ಹೇಗಿದ್ರು?" ಅಂತ ಕೇಳಬೇಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದರು, ಯಾಕೆ ಬಿಟ್ಟರು, ಮತ್ತೆ ಮಗುವಾದರೆ ಇವರನ್ನೇ ಕರೀತೀರಾ ಅಂತ ಕೇಳಿ. ಮಧ್ಯದಲ್ಲಿ ಮಗುವಿಗೆ ಈಗ ಎಷ್ಟು ವಯಸ್ಸು, ಏನು ತಿನ್ನಲು ಹಟ ಮಾಡುತ್ತಿತ್ತು ಅಂತಲೂ ಕೇಳಿ. ಸುಳ್ಳು ಹೇಳಲು ಒಪ್ಪಿಕೊಂಡ ಪರಿಚಯದವರು ಇಲ್ಲಿ ತಡವರಿಸುತ್ತಾರೆ. ಸಾಧ್ಯವಾದರೆ ಆ ಮನೆಗೆ ಹೋಗಿ ಬನ್ನಿ. ನಾವು ಹೋದಾಗ ಆ ಹುಡುಗ ಅಕ್ಕನ ಸೆರಗು ಬಿಡಲಿಲ್ಲ.

ಆಧಾರ್ ಪ್ರತಿ ಇಟ್ಟುಕೊಳ್ಳಿ, ಮೂಲ ಕಾರ್ಡ್ ಯಾವತ್ತೂ ಇಟ್ಟುಕೊಳ್ಳಬೇಡಿ. ಮನೆ ವಿಳಾಸ ನೋಡಿಕೊಳ್ಳಿ, ಮನೆಯವರೊಬ್ಬರ ನಂಬರ್ ಬರೆದುಕೊಳ್ಳಿ. ಕರ್ನಾಟಕದಲ್ಲಿ ಮನೆಕೆಲಸದವರ ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಮೊದಲು ಅವರಿಗೆ ಹೇಳಿ, ಒಪ್ಪಿಗೆ ಪಡೆದು, ಶುಲ್ಕ ನೀವೇ ಕಟ್ಟಿ. ಅದು ಹೇಳುವುದು ದಾಖಲಾದ ಕೇಸು ಇದೆಯಾ ಇಲ್ಲವಾ ಅನ್ನುವುದನ್ನು ಮಾತ್ರ. ಮಗುವಿನ ಜೊತೆ ತಾಳ್ಮೆಯಿಂದ ಇರುತ್ತಾರಾ ಅಂತ ಯಾವ ಕಾಗದವೂ ಹೇಳುವುದಿಲ್ಲ.

ಕರಾರು ಒಂದು ಪುಟದಲ್ಲಿ

ನಾವು ವಕೀಲರ ಭಾಷೆ ಬಳಸಲಿಲ್ಲ. ಸರಳ ಕನ್ನಡದಲ್ಲಿ ಒಂದು ಪುಟ ಬರೆದು, ಅಕ್ಕನಿಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಂಡೆವು. ಅದರಲ್ಲಿ ಇದ್ದದ್ದು ಹೀಗೆ.

ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 8:30ರಿಂದ ಸಂಜೆ 6:30. ಶನಿವಾರ ಮಧ್ಯಾಹ್ನ 1ರವರೆಗೆ. ಭಾನುವಾರ ರಜೆ. ತಿಂಗಳಿಗೆ 20,000 ರೂಪಾಯಿ, 1ನೇ ತಾರೀಕು ಅವರ ಖಾತೆಗೇ. ಸಂಜೆ 6:45 ದಾಟಿದರೆ ಗಂಟೆಗೆ 120 ರೂಪಾಯಿ ಬೇರೆ. ತಿಂಗಳಿಗೆ ಎರಡು ದಿನ ಸಂಬಳ ಸಹಿತ ರಜೆ, ಯುಗಾದಿ, ಗೌರಿ ಗಣೇಶ, ದೀಪಾವಳಿ ಬೇರೆ. ನಾವು ಊರಿಗೆ ಹೋದರೆ ಸಂಬಳ ಕಡಿತ ಇಲ್ಲ. ವರ್ಷಕ್ಕೊಮ್ಮೆ ಒಂದು ತಿಂಗಳ ಸಂಬಳ ಬೋನಸ್. ಬಿಡುವುದಾದರೂ ಬಿಡಿಸುವುದಾದರೂ ಒಂದು ತಿಂಗಳು ಮೊದಲು ಹೇಳಬೇಕು. ಮಗುವಿಗೆ ಹೊಡೆದರೆ, ಹೇಳದೆ ಹೊರಗೆ ಕರೆದುಕೊಂಡು ಹೋದರೆ, ಕೇಳದೆ ಔಷಧಿ ಕೊಟ್ಟರೆ ಅವತ್ತೇ ಕೆಲಸ ಮುಗಿಯುತ್ತದೆ.

ಸಂಬಳವನ್ನು ಗಂಟೆಗೆ ಭಾಗಿಸಿ ನೋಡಿ. ನಮ್ಮದು ತಿಂಗಳಿಗೆ ಸುಮಾರು 238 ಗಂಟೆ. 20,000ವನ್ನು ಅದರಿಂದ ಭಾಗಿಸಿದರೆ ಗಂಟೆಗೆ 84 ರೂಪಾಯಿ. ಇಪ್ಪತ್ತು ಸಾವಿರ ಅಂದಾಗ ದೊಡ್ಡದು ಅನಿಸಿದ್ದು 84 ಅಂದಾಗ ಹಾಗೆ ಅನಿಸಲಿಲ್ಲ. ಕರ್ನಾಟಕದಲ್ಲಿ ಮನೆಕೆಲಸಕ್ಕೂ ಕನಿಷ್ಠ ವೇತನ ನಿಗದಿಯಾಗಿದೆ. ಈಗಿನ ದರವನ್ನು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನೋಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ.

ಮುಂಗಡದ ಮಾತು ಬಂದೇ ಬರುತ್ತದೆ. ಮೊದಲ ಜೂನ್‌ನಲ್ಲಿ ಅಕ್ಕ ಮಗಳ ಫೀಸಿಗೆ 30,000 ಕೇಳಿದರು. ಕೊಟ್ಟೆವು. ತಿಂಗಳಿಗೆ 2,500ರಂತೆ ಹನ್ನೆರಡು ತಿಂಗಳಲ್ಲಿ ಮುರಿದುಕೊಳ್ಳುವುದು ಅಂತ ಅದೇ ಹಾಳೆಯ ಹಿಂದೆ ಬರೆದೆವು. ಸಾಲ ಇದೆ ಅಂತ ಯಾರನ್ನೂ ಕೆಲಸದಲ್ಲಿ ಹಿಡಿದಿಡುವಂತಿಲ್ಲ. ಅದಕ್ಕೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಹಾಗಾಗಿ ಹೋದರೆ ಹೋಗಲಿ ಅನ್ನಿಸುವಷ್ಟು ಮಾತ್ರ ಕೊಡಿ.

ಹತ್ತು ದಿನದ ಅಭ್ಯಾಸ

ಇದಕ್ಕೂ ಸಂಬಳ ಲೆಕ್ಕ ಹಾಕಿ. ಮೊದಲ ಮೂರು ದಿನ ಎಲ್ಲ ನೀವೇ ಮಾಡಿ, ಅವರು ನೋಡಲಿ, ಮಗುವಿನ ಜೊತೆ ಆಡಲಿ. ನಾಲ್ಕನೇ ದಿನದಿಂದ ಅವರು ಮಾಡಲಿ, ನೀವು ನೋಡಿ. ಏಳನೇ ದಿನ ಪಕ್ಕದ ಕೋಣೆಗೆ ಹೋಗಿ. ಎಂಟನೇ ದಿನ ಒಂದು ಗಂಟೆ ಮನೆಯಿಂದಲೇ ಹೊರಗೆ, ಹತ್ತನೇ ದಿನ ಅರ್ಧ ದಿನ. ಹೋಗುವಾಗ ಕದ್ದು ಹೋಗಬೇಡಿ. ಟಾಟಾ ಹೇಳಿ ಹೋಗಿ, ಮಗು ಅತ್ತರೂ ಸರಿ.

ಹೇಳಿಕೊಡಬೇಕಾದ್ದು ಈ ದಿನಗಳಲ್ಲೇ. ನಾನು ಎದೆಹಾಲು ಪಂಪ್ ಮಾಡಿ ಫ್ರಿಜ್‌ನಲ್ಲಿ ಇಡುತ್ತಿದ್ದೆ. ಐದನೇ ದಿನ ಅಡುಗೆಮನೆಗೆ ಹೋದರೆ ಅಕ್ಕ ಅದನ್ನು ಪಾತ್ರೆಗೆ ಸುರಿದು ಉಕ್ಕಿಸಲು ಇಟ್ಟಿದ್ದರು! ಅವರ ತಪ್ಪಿಲ್ಲ. ಹಸುವಿನ ಹಾಲು ಹಾಗೇ ತಾನೇ ಕೊಡುವುದು? ಎದೆಹಾಲನ್ನು ಕಾಯಿಸಬಾರದು, ಬಾಟಲಿಯನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು ಇಲ್ಲವೇ ಚೆಲ್ಲಬೇಕು ಅಂತ ತೋರಿಸಿದೆ. ಫ್ರಿಜ್‌ನಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ ಇಡಬಾರದು. ಪ್ರತಿ ಬಾಟಲಿಯ ಮೇಲೆ ತಾರೀಕು ಬರೆದು ಅಂಟಿಸಿದೆವು.

ಇನ್ನೊಂದು, ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡುವುದು ಅನ್ನುವುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಅಳಲೂ ಆಗದಿದ್ದರೆ, ಒಂದು ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿನ ಮಧ್ಯೆ ಐದು ಸಲ ತಟ್ಟಬೇಕು. ಬರಲಿಲ್ಲವಾ, ಅಂಗಾತ ತಿರುಗಿಸಿ ಎದೆಯ ಮಧ್ಯೆ ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ಹೊರಬರುವವರೆಗೆ ಹೀಗೇ ಮಾಡುತ್ತಾ, ಯಾರಿಂದಾದರೂ 108ಕ್ಕೆ ಫೋನ್ ಮಾಡಿಸಬೇಕು. ಕಾಣದ್ದಕ್ಕೆ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಗೊಂಬೆಯ ಮೇಲೆ ನಾವಿಬ್ಬರೂ ನಾಲ್ಕು ಸಲ ಮಾಡಿ ನೋಡಿದೆವು. ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅಕ್ಕನನ್ನೂ ಕರೆದುಕೊಂಡು ಹೋಗಿ ಅವರಿಂದಲೇ ಮತ್ತೊಮ್ಮೆ ತೋರಿಸಿಕೊಂಡೆ.

ಕೆಲಸಕ್ಕೆ ಹೋದ ಮೇಲೆ

ಕ್ಯಾಮೆರಾ ಹಾಕುವುದಾದರೆ ಅವರಿಗೆ ಹೇಳಿ ಹಾಕಿ, ಎಲ್ಲಿ ಇದೆ ಅಂತ ತೋರಿಸಿ. ಅವರು ಬಟ್ಟೆ ಬದಲಿಸುವ, ಊಟದ ನಂತರ ಒರಗುವ ಜಾಗದಲ್ಲಿ ಬೇಡ. ನಾವು ಹಾಲ್‌ನಲ್ಲಿ ಒಂದು ಹಾಕಿದೆವು. ಅದಕ್ಕಿಂತ ನನಗೆ ಉಪಯೋಗ ಆಗಿದ್ದು ಫ್ರಿಜ್ ಮೇಲಿನ ಒಂದು ನೋಟ್‌ಬುಕ್. ಎಷ್ಟು ಹೊತ್ತಿಗೆ ಏನು ತಿಂತು, ಎಷ್ಟು ಹೊತ್ತು ಮಲಗಿತು, ಎಷ್ಟು ಡೈಪರ್. ಓದು ಬರಹ ಕಷ್ಟವಾದವರು ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು.

ಆ ಪುಸ್ತಕದಲ್ಲಿ ನೋಡಬೇಕಾದ್ದು ಬದಲಾವಣೆಯನ್ನು. ಹಗಲು ಒಂದೂವರೆ ಗಂಟೆ ಮಲಗುವ ಮಗು ದಿಢೀರನೆ ನಾಲ್ಕು ಗಂಟೆ ಮಲಗತೊಡಗಿದರೆ, ನೀವು ಬಂದಾಗಲೂ ಮಂಕಾಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕಾಯಿಲೆಯೂ ಇರಬಹುದು, ಕೆಮ್ಮಿನ ಸಿರಪ್‌ನಂಥದ್ದನ್ನು ನಿದ್ದೆಗೆ ಕೊಟ್ಟಿರಲೂಬಹುದು. ಔಷಧಿಯ ಡಬ್ಬಿಯನ್ನು ಬೀಗ ಹಾಕಿ ಇಡುವುದು ಇದಕ್ಕೇ. ಅವರು ಎತ್ತಿಕೊಂಡ ಕೂಡಲೇ ಮಗು ಮೈ ಬಿಗಿ ಮಾಡಿಕೊಳ್ಳುವುದು ಎರಡು ವಾರ ದಾಟಿದರೂ ನಿಲ್ಲದಿದ್ದರೆ ಅದನ್ನೂ ಹಗುರವಾಗಿ ನೋಡಬೇಡಿ.

ಮಗುವಿಗೆ ಹತ್ತು ತಿಂಗಳಿದ್ದಾಗ ಒಂದು ದಿನ 11:20ಕ್ಕೆ ಅಕ್ಕನ ಫೋನ್ ಬಂತು. ನಾನು ಮೀಟಿಂಗ್‌ನಲ್ಲಿದ್ದೆ. "ಮೇಡಂ, ಪಾಪು ಮಂಚದಿಂದ ಬಿತ್ತು. ನಾನು ಬಾಟಲಿ ತಗೊಳ್ಳೋಕೆ ತಿರುಗಿದ್ದೆ, ನನ್ನದೇ ತಪ್ಪು. ಬಿದ್ದ ಕೂಡಲೇ ಅತ್ತಿತು. ಹಣೆ ಊದಿದೆ. ವಾಂತಿ ಇಲ್ಲ." ಬಿದ್ದು ಇನ್ನೂ ಎರಡು ನಿಮಿಷ ಆಗಿರಲಿಲ್ಲ. ಡಾಕ್ಟರಿಗೆ ಹೇಳಬೇಕಾದ್ದೆಲ್ಲ ಆ ನಾಲ್ಕು ಮಾತಿನಲ್ಲಿತ್ತು. ನಾನು ಕೂಗಾಡಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಅಕ್ಕ, ಬಟ್ಟೇಲಿ ಐಸ್ ಸುತ್ತಿ ಇಡಿ, ಬರ್ತಿದ್ದೀನಿ" ಅಂದೆ. ಡಾಕ್ಟರು ನೋಡಿ, ವಾಂತಿ, ಮಂಪರು, ಫಿಟ್ಸ್, ಮೂಗು ಕಿವಿಯಿಂದ ನೀರು ಇಲ್ಲ, ಮರುದಿನದವರೆಗೆ ಗಮನಿಸಿ ಅಂದರು. ಸಂಜೆ ಮಂಚ ಬಿಚ್ಚಿ ಗೋಡೆಗೆ ಒರಗಿಸಿದೆವು. ಹಾಸಿಗೆ ನೆಲದ ಮೇಲೆ ಬಂತು. ಅದನ್ನು ಎಳೆಯಲು ಅಕ್ಕನೂ ಕೈ ಹಾಕಿದರು, ಅವತ್ತು ಅವರು ಹೊರಟಾಗ ಏಳು ಗಂಟೆ. ನೋಟ್‌ಬುಕ್‌ನಲ್ಲಿ ತಡವಾದ ಅರ್ಧ ಗಂಟೆಯನ್ನು ನಾನೇ ಬರೆದೆ.